‘ಮುಂದೆ ಏನು ಓದಿಸೋಣ?’ ಎಂದಷ್ಟೇ ಕೇಳಿದವರಿಗೆ ಉತ್ತರಿಸುವ ಕ್ರಮ

ಫಲಿತಾಂಶ ಬಂದ ವಾರದಲ್ಲಿ ಮಂಡ್ಯ, ಮೈಸೂರು ಕಡೆಯ ಯಾವ ಉಪನ್ಯಾಸಕರ ಮೊಬೈಲ್ ನೋಡಿದರೂ ಒಂದೇ ಬಗೆಯ ಸಂದೇಶ ಇರುತ್ತದೆ. "ಮೇಷ್ಟ್ರೇ, ಹುಡುಗಿ ಪಾಸಾದಳು. ಮುಂದೆ ಯಾವ ಕೋರ್ಸ್ ಒಳ್ಳೆಯದು?" ಅಂಕ ಎಷ್ಟು, ಯಾವ ವಿಷಯ ಓದಿದ್ದಳು, ಅವಳಿಗೆ ಏನು ಇಷ್ಟ, ಮನೆಯ ಪರಿಸ್ಥಿತಿ ಏನು, ಯಾವ ಊರಿಗೆ ಕಳಿಸಲು ತಯಾರಿದ್ದಾರೆ ಎಂಬುದರಲ್ಲಿ ಒಂದೂ ಅಲ್ಲಿ ಇರುವುದಿಲ್ಲ. ಉಪನ್ಯಾಸಕರಿಗಷ್ಟೇ ಅಲ್ಲ, ಊರಿನಲ್ಲಿ ಮೊದಲು ಡಿಗ್ರಿ ಮುಗಿಸಿದ ಅಣ್ಣನಿಗೂ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಸೋದರಮಾವನಿಗೂ ಇದೇ ಪ್ರಶ್ನೆ ಬರುತ್ತದೆ.

ಉತ್ತರಿಸುವವರಲ್ಲಿ ಕೆಲವರು ಯೋಚಿಸದೆ "ಕಂಪ್ಯೂಟರ್ ಸೈನ್ಸ್‌ಗೆ ಸೇರಿಸಿ" ಎಂದುಬಿಡುತ್ತಾರೆ. ಇನ್ನು ಕೆಲವರು "ಅವಳಿಗೆ ಯಾವುದರಲ್ಲಿ ಆಸಕ್ತಿಯೋ ಅದನ್ನೇ ಓದಿಸಿ" ಎಂದು ಕೈತೊಳೆದುಕೊಳ್ಳುತ್ತಾರೆ. ಎರಡನೆಯ ಮಾತು ಕೇಳುವುದಕ್ಕೆ ಸೊಗಸು, ಆದರೆ ಅದರಿಂದ ಅರ್ಜಿಯ ಒಂದು ಕಾಲಂ ಕೂಡ ತುಂಬುವುದಿಲ್ಲ. ಬಿಟ್ಟುಹೋದ ವಿವರಗಳನ್ನು ನಾವೇ ಕೇಳಿ ತೆಗೆಯಬೇಕು, ಅದಕ್ಕೊಂದು ಕ್ರಮವಿದೆ. ಬಾಗಿಲು ಮುಚ್ಚುವ ವಿವರಗಳನ್ನು ಮೊದಲು ಕೇಳಬೇಕು. ತೆರೆದಿರುವ ಬಾಗಿಲುಗಳಲ್ಲಿ ಆರಿಸಲು ನೆರವಾಗುವ ವಿವರಗಳು ಆಮೇಲೆ. ಹಾಗಾಗಿ ಆಸಕ್ತಿಯ ಪ್ರಶ್ನೆಯನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಇದನ್ನು ಒಪ್ಪದ ಸಹೋದ್ಯೋಗಿಗಳು ನನಗಿದ್ದಾರೆ, ಕಾರಣವನ್ನು ಮುಂದೆ ಹೇಳುತ್ತೇನೆ.

ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ತಂದೆ ಮೇಲಿನ ಸಂದೇಶವನ್ನೇ ಕಳಿಸಿದ್ದರು. ಅವರ ಮಗಳ ವಿಷಯವನ್ನೇ ಹಿಡಿದು ಕ್ರಮವನ್ನು ವಿವರಿಸುತ್ತೇನೆ.

ಮೊದಲ ಹೆಜ್ಜೆ: ಯಾವ ಪರೀಕ್ಷೆ, ಕಾಗದಗಳು ಎಲ್ಲಿವೆ

"ಪಾಸಾದಳು" ಎಂದರೆ ಎಸ್ಸೆಸ್ಸೆಲ್ಸಿಯೋ ದ್ವಿತೀಯ ಪಿಯುಸಿಯೋ ಎಂದು ಕೇಳಿ. ಅದು ಗೊತ್ತೇ ಇದೆ ಎಂದುಕೊಂಡು ಮಾತು ಮುಂದುವರಿಸಿದರೆ ಇಬ್ಬರೂ ಬೇರೆ ಬೇರೆ ವಿಷಯ ಮಾತನಾಡುತ್ತಿರುತ್ತೀರಿ.

ಎಸ್ಸೆಸ್ಸೆಲ್ಸಿ ಆಗಿದ್ದರೆ ಆಯ್ಕೆ ಮಾಡಬೇಕಿರುವುದು ಕೆಲಸವನ್ನಲ್ಲ, ಮುಂದೆ ಯಾವ ದಾರಿಗಳು ಉಳಿಯಬೇಕು ಎಂಬುದನ್ನು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕೂ ಇರುವ ಪಿಸಿಎಂಬಿ ಹೆಚ್ಚು ದಾರಿಗಳನ್ನು ಉಳಿಸುತ್ತದೆ. ಜೀವಶಾಸ್ತ್ರದ ಬದಲು ಕಂಪ್ಯೂಟರ್ ತೆಗೆದುಕೊಂಡರೆ ವೈದ್ಯಕೀಯ, ಪಶುವೈದ್ಯಕೀಯ, ಕೃಷಿ, ನರ್ಸಿಂಗ್ ಅಲ್ಲಿಗೇ ನಿಂತುಹೋಗುತ್ತವೆ. ವಾಣಿಜ್ಯಕ್ಕೆ ಹೋದವರು ಎರಡು ವರ್ಷದ ಬಳಿಕ ಎಂಜಿನಿಯರಿಂಗ್ ಬೇಕು ಎಂದರೆ ಪಿಯುಸಿಯಿಂದ ನೇರ ದಾರಿ ಇಲ್ಲ. ಆದರೆ ದಾರಿ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಎಲ್ಲರನ್ನೂ ಪಿಸಿಎಂಬಿಗೆ ತಳ್ಳುವುದೂ ತಪ್ಪು. ಹತ್ತನೆಯ ತರಗತಿಯ ಗಣಿತ, ವಿಜ್ಞಾನಗಳನ್ನು ಉಸಿರು ಬಿಗಿಹಿಡಿದು ದಾಟಿದ ಹುಡುಗನಿಗೆ ಪ್ರಥಮ ಪಿಯುಸಿಯ ಭೌತಶಾಸ್ತ್ರ ಅರ್ಧ ವರ್ಷದಲ್ಲೇ ಭಾರವಾಗುತ್ತದೆ. ಕೈಕೆಲಸದಲ್ಲಿ ಚುರುಕಾದ ಅಂಥವರಿಗೆ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ. ಮೈಸೂರಿನ ಸರ್ಕಾರಿ ತರಬೇತಿ ಸಂಸ್ಥೆಗಳಾದ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಮೇಕಿಂಗ್, ಸಿಪೆಟ್‌ನಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನದ ಡಿಪ್ಲೊಮಾ ಇವೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೇ ಸೇರಬಹುದು ಎಂಬುದು ಹಳ್ಳಿಯ ಎಷ್ಟೋ ತಂದೆಯರಿಗೆ ತಿಳಿದಿರುವುದಿಲ್ಲ. ಅವರ ಕಣ್ಣಿಗೆ ಡಿಪ್ಲೊಮಾ ಎಂದರೆ ಸೋತವರ ದಾರಿ. ಅದು ಹಾಗಲ್ಲ ಎಂದು ಹೇಳುವ ಕೆಲಸವೂ ಉತ್ತರಿಸುವವರದೇ.

ನಮ್ಮ ಹುಡುಗಿಯದು ದ್ವಿತೀಯ ಪಿಯುಸಿ. ಲೇಖನದ ಉಳಿದ ಭಾಗ ಅದನ್ನೇ ಕುರಿತದ್ದು.

ಇದರ ಜೊತೆಗೆ ಕೇಳಲೇಬೇಕಾದ ಇನ್ನೊಂದು ಮಾತಿದೆ: "ಎಲ್ಲಾದರೂ ಮುಂಗಡ ಹಣ ಕಟ್ಟಿದ್ದೀರಾ? ಮೂಲ ಅಂಕಪಟ್ಟಿ ಯಾರಿಗಾದರೂ ಕೊಟ್ಟಿದ್ದೀರಾ?" ಸಲಹೆ ಕೇಳುವವರಲ್ಲಿ ಕೆಲವರು ಆಗಲೇ ಒಂದು ಕಾಲೇಜಿಗೆ ಹಣ ಕೊಟ್ಟು ಬಂದಿರುತ್ತಾರೆ. ಅವರಿಗೆ ಬೇಕಿರುವುದು ಸಲಹೆಯಲ್ಲ, ಸಮಾಧಾನ. ಮೂಲ ದಾಖಲೆಗಳನ್ನು ಕಾಲೇಜು ಇಟ್ಟುಕೊಂಡಿದ್ದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ದಾಖಲೆ ಪರಿಶೀಲನೆಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಕಾಲೇಜುಗಳು ವಿದ್ಯಾರ್ಥಿಗಳ ಮೂಲ ಪ್ರಮಾಣಪತ್ರಗಳನ್ನು ಹಿಡಿದಿಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಅದನ್ನು ತಿಳಿಸಿ, ನಕಲು ಕೊಟ್ಟು ಮೂಲವನ್ನು ಮೊದಲು ವಾಪಸ್ ತರಲು ಹೇಳಿ. ಕೋರ್ಸ್ ಯಾವುದೆಂಬ ಚರ್ಚೆ ಆಮೇಲೆ.

ಎರಡನೆಯ ಹೆಜ್ಜೆ: ಒಟ್ಟು ಅಂಕ ಬೇಡ, ವಿಷಯವಾರು ಅಂಕ ಬೇಕು

ಅಂಕ ಕೇಳಿದ್ದಕ್ಕೆ ಆ ತಂದೆ ಹೆಮ್ಮೆಯಿಂದ "ಎಪ್ಪತ್ತು ಪರ್ಸೆಂಟ್" ಎಂದರು. ಆ ಸಂಖ್ಯೆಯಿಂದ ಏನನ್ನೂ ನಿರ್ಧರಿಸಲಾಗುವುದಿಲ್ಲ, ಏಕೆಂದರೆ ಭಾಷೆಯ ಅಂಕಗಳೂ ಅದರಲ್ಲಿ ಸೇರಿರುತ್ತವೆ. ಅಂಕಪಟ್ಟಿಯ ಫೋಟೊ ಕಳಿಸಲು ಹೇಳಿದೆ. ಕನ್ನಡ 93, ಇಂಗ್ಲಿಷ್ 71, ಭೌತಶಾಸ್ತ್ರ 58, ರಸಾಯನಶಾಸ್ತ್ರ 66, ಗಣಿತ 49, ಜೀವಶಾಸ್ತ್ರ 84. ಒಟ್ಟು 600ಕ್ಕೆ 421.

ಇದೇ ಅಂಕಪಟ್ಟಿಯನ್ನು ಎರಡು ಬಗೆಯಲ್ಲಿ ಕೂಡಿಸಿ ನೋಡಿ. ಎಂಜಿನಿಯರಿಂಗ್‌ಗೆ ಲೆಕ್ಕಕ್ಕೆ ಬರುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ: 300ಕ್ಕೆ 173, ಅಂದರೆ ಶೇ 57.67. ಕೃಷಿ ಪದವಿಗೆ ಗಣಿತದ ಜಾಗದಲ್ಲಿ ಜೀವಶಾಸ್ತ್ರ ಬರುತ್ತದೆ: 300ಕ್ಕೆ 208, ಅಂದರೆ ಶೇ 69.33. ಒಬ್ಬಳೇ ಹುಡುಗಿ, ಒಂದೇ ಪರೀಕ್ಷೆ, ನಡುವೆ ಹತ್ತು ಪರ್ಸೆಂಟ್‌ಗೂ ಹೆಚ್ಚಿನ ಅಂತರ. ಕೋರ್ಸಿನ ಹೆಸರು ಎತ್ತುವ ಮೊದಲೇ ಅಂಕಪಟ್ಟಿ ಒಂದು ದಿಕ್ಕಿಗೆ ಕೈ ತೋರಿಸಿತ್ತು.

ಮುಂದಿನ ಪ್ರಶ್ನೆ, ಸಿಇಟಿ ಬರೆದಿದ್ದಾಳೆಯೇ ಮತ್ತು ನಾಲ್ಕೂ ವಿಷಯ ಬರೆದಿದ್ದಾಳೆಯೇ ಎಂಬುದು. ಎಂಜಿನಿಯರಿಂಗ್ ಒಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಜೀವಶಾಸ್ತ್ರದ ಪತ್ರಿಕೆಗೆ ಗೈರಾಗುವ ಮಕ್ಕಳಿದ್ದಾರೆ. ಅಂಥವರಿಗೆ ಆ ವರ್ಷದ ಕೃಷಿ ಬಾಗಿಲು ಮುಚ್ಚಿದಂತೆ. ಇವಳು ನಾಲ್ಕನ್ನೂ ಬರೆದಿದ್ದಳು. ತಲಾ 60 ಅಂಕದ ಪತ್ರಿಕೆಗಳಲ್ಲಿ ಭೌತಶಾಸ್ತ್ರ 17, ರಸಾಯನಶಾಸ್ತ್ರ 22, ಗಣಿತ 14, ಜೀವಶಾಸ್ತ್ರ 34.

ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿಯ ಮೂರು ವಿಷಯಗಳ ಶೇಕಡಾವಾರಿನ ಅರ್ಧವನ್ನೂ ಸಿಇಟಿಯ ಶೇಕಡಾವಾರಿನ ಅರ್ಧವನ್ನೂ ಕೂಡಿಸುತ್ತಾರೆ. ಅವಳ ಸಿಇಟಿ 180ಕ್ಕೆ 53, ಶೇ 29.44. ಪಿಯುಸಿಯ 57.67ರ ಜೊತೆ ಸರಾಸರಿ ತೆಗೆದರೆ 43.56. ಕೃಷಿಗೂ ಅರ್ಧ ಪಿಯುಸಿ, ಅರ್ಧ ಸಿಇಟಿ. ಅಲ್ಲಿ ಸಿಇಟಿ 180ಕ್ಕೆ 73, ಶೇ 40.56. ಪಿಯುಸಿಯ 69.33ರ ಜೊತೆ ಸರಾಸರಿ 54.94. ಎರಡರ ರ‍್ಯಾಂಕ್ ಪಟ್ಟಿಗಳು ಬೇರೆ ಬೇರೆಯಾದ್ದರಿಂದ 43ಕ್ಕಿಂತ 54 ದೊಡ್ಡದು, ಹಾಗಾಗಿ ಸೀಟು ಖಚಿತ ಎಂದು ಹೇಳುವಂತಿಲ್ಲ. ಆದರೆ ಯಾವ ಸಾಲಿನಲ್ಲಿ ಅವಳು ಮುಂದೆ ನಿಂತಿದ್ದಾಳೆ ಎಂಬುದು ಕಾಣುತ್ತದೆ.

ಇಲ್ಲಿ ಅರ್ಹತೆ ಮತ್ತು ಸೀಟು ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ಎಂಜಿನಿಯರಿಂಗ್‌ಗೆ ಪಿಯುಸಿಯ ಈ ಮೂರು ವಿಷಯಗಳಲ್ಲಿ ಸಾಮಾನ್ಯ ವರ್ಗಕ್ಕೆ ಶೇ 45, ಮೀಸಲಾತಿ ವರ್ಗಗಳಿಗೆ ಶೇ 40 ಸಾಕು. 57.67 ಇದ್ದ ಇವಳಿಗೆ ಅರ್ಹತೆ ಧಾರಾಳವಾಗಿಯೇ ಇತ್ತು. ಆದರೆ ತಂದೆ ಹೇಳುತ್ತಿದ್ದ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಸರ್ಕಾರಿ ಕೋಟಾದಲ್ಲಿ ಸಿಗುವ ಮಾತೇ ಇರಲಿಲ್ಲ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸಿಗುತ್ತಿತ್ತು. "ಅರ್ಹತೆ ಇದೆ, ಬನ್ನಿ" ಎಂದು ಫೋನ್ ಮಾಡುವ ಮಧ್ಯವರ್ತಿಗಳು ಹೇಳುವುದು ಸುಳ್ಳಲ್ಲ. ಅವರು ಹೇಳುತ್ತಿರುವುದು ಆ ಎರಡನೆಯ ಬಾಗಿಲಿನ ಸಂಗತಿ, ಅಷ್ಟೇ.

ಮೂರನೆಯ ಹೆಜ್ಜೆ: ಕಟ್-ಆಫ್ ಪಟ್ಟಿಯಲ್ಲಿ ಅವಳ ಕಾಲಂ ಯಾವುದು

ಅಂಕಗಳ ನಂತರ ವರ್ಗ, ಓದಿದ ಊರು, ಓದಿದ ಮಾಧ್ಯಮ ಕೇಳಿ. ಇದನ್ನು ಕೇಳಲು ಸಂಕೋಚಪಡುವವರಿದ್ದಾರೆ. ಕೇಳದಿದ್ದರೆ ಹೋದ ವರ್ಷದ ಪಟ್ಟಿಯಲ್ಲಿ ತಪ್ಪು ಕಾಲಂ ನೋಡಿ ತಪ್ಪು ಧೈರ್ಯವನ್ನೋ ತಪ್ಪು ಹೆದರಿಕೆಯನ್ನೋ ಹುಟ್ಟಿಸುತ್ತೀರಿ.

ಪ್ರಾಧಿಕಾರ ಪ್ರಕಟಿಸುವ ಕಟ್-ಆಫ್ ಪಟ್ಟಿಯಲ್ಲಿ, ಅಂದರೆ ಎಷ್ಟನೆಯ ಸ್ಥಾನದವರೆಗೆ ಸೀಟು ಸಿಕ್ಕಿತು ಎಂದು ತೋರಿಸುವ ಪಟ್ಟಿಯಲ್ಲಿ, ಕಾಲೇಜು, ಕೋರ್ಸ್‌ಗಳ ಎದುರು ಹಲವು ಕಾಲಂಗಳಿರುತ್ತವೆ. ನಮ್ಮ ಹುಡುಗಿಯ 3A ವರ್ಗಕ್ಕೆ ಮೂರು ಕಾಣುತ್ತವೆ: 3AG, 3AK, 3AR. ಕೊನೆಯ ಅಕ್ಷರ G ಆಗಿದ್ದರೆ ಆ ವರ್ಗದ ಸಾಮಾನ್ಯ ಸೀಟು, K ಆಗಿದ್ದರೆ ಕನ್ನಡ ಮಾಧ್ಯಮ, R ಆಗಿದ್ದರೆ ಗ್ರಾಮೀಣ. 2A ವರ್ಗಕ್ಕೂ ಪರಿಶಿಷ್ಟರಿಗೂ ಇದೇ ರೀತಿ. ಸಾಮಾನ್ಯ ವರ್ಗಕ್ಕೆ GM, GMK, GMR.

ತಂದೆ ಹೇಳಿದರು: "ಹಳ್ಳಿ ಹುಡುಗಿ, ಕನ್ನಡದಲ್ಲೇ ಓದಿದ್ದು. ಎರಡೂ ಸಿಗುತ್ತದೆ ಅಲ್ಲವೇ ಮೇಷ್ಟ್ರೇ?" ತರಗತಿಗಳನ್ನು ಒಂದೊಂದಾಗಿ ಕೇಳುತ್ತಾ ಹೋದೆ. ಒಂದರಿಂದ ಏಳು ಊರಿನ ಸರ್ಕಾರಿ ಶಾಲೆ, ಕನ್ನಡ ಮಾಧ್ಯಮ. ಎಂಟರಿಂದ ಹತ್ತು ಹೋಬಳಿ ಕೇಂದ್ರದ ಪ್ರೌಢಶಾಲೆ, ಅಲ್ಲಿ ಇಂಗ್ಲಿಷ್ ಮಾಧ್ಯಮ. ಕನ್ನಡ ಮಾಧ್ಯಮದ ಮೀಸಲಾತಿಗೆ ಒಂದರಿಂದ ಹತ್ತನೆಯ ತರಗತಿಯವರೆಗೂ ಕನ್ನಡದಲ್ಲೇ ಓದಿರಬೇಕು. ಮೂರು ವರ್ಷದ ಇಂಗ್ಲಿಷ್ ಅದನ್ನು ಕಳೆದಿತ್ತು. ಗ್ರಾಮೀಣ ಮೀಸಲಾತಿಗೂ ಹತ್ತು ವರ್ಷ ಬೇಕು. ಆದರೆ ಹೋಬಳಿ ಕೇಂದ್ರ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲೇ ಇದ್ದುದರಿಂದ ಅದು ಉಳಿದುಕೊಂಡಿತು. ಪ್ರೌಢಶಾಲೆಗೆಂದು ಅವಳನ್ನು ಮಂಡ್ಯ ನಗರಕ್ಕೆ ಕಳಿಸಿದ್ದರೆ ಅದೂ ಹೋಗುತ್ತಿತ್ತು. ಪಿಯುಸಿಯನ್ನು ಎಲ್ಲಿ ಓದಿದ್ದಾಳೆ ಎಂಬುದು ಈ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ನೋಡಬೇಕಿದ್ದ ಕಾಲಂ 3AR.

ಪಟ್ಟಿ ನೋಡುವಾಗ ಕೊನೆಯ ಸುತ್ತಿನದನ್ನು ನೋಡಿ. ಮೊದಲ ಸುತ್ತಿನ ಕಟ್-ಆಫ್ ನೋಡಿ ಆಸೆ ಬಿಟ್ಟವರು ಮುಂದಿನ ಸುತ್ತಿನಲ್ಲಿ ಸೀಟು ಪಡೆದದ್ದುಂಟು. ಹಾಗೆಯೇ ಒಂದೇ ವರ್ಷದ ಪಟ್ಟಿಯನ್ನು ನಂಬಬೇಡಿ, ಸಿಗುವಷ್ಟು ಹಿಂದಿನದನ್ನೂ ತೆರೆದು ನೋಡಿ.

ಈ ಮೀಸಲಾತಿಗಳೆಲ್ಲ ಕಾಗದದ ಮೇಲೆ ನಿಂತಿವೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲೆ RD ಎಂದು ಆರಂಭವಾಗುವ ಸಂಖ್ಯೆ ಇರುತ್ತದೆ, ಅರ್ಜಿಯಲ್ಲಿ ತುಂಬಬೇಕಾದದ್ದು ಅದನ್ನೇ. ಅದರಲ್ಲಿರುವ ಹೆಸರು ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು ಅಕ್ಷರಕ್ಕೆ ಅಕ್ಷರ ಹೊಂದುತ್ತವೆಯೇ ಎಂದು ತಂದೆಗೆ ಹೇಳಿ ನೋಡಿಸಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ನಮ್ಮ ಕಡೆ ಮಾಮೂಲು, ಪರಿಶೀಲನೆಯಲ್ಲಿ ತಡವಾಗುವುದೂ ಅಂಥದ್ದರಿಂದಲೇ. ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿಯ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿಯೂ ಬೇಕು. ಎರಡು ಶಾಲೆಗಳಲ್ಲಿ ಓದಿದ್ದರೆ ಎರಡು ಕಡೆಯೂ ಅಲೆಯಬೇಕು. ಬೇಸಿಗೆ ರಜೆಯಲ್ಲಿ ಮುಖ್ಯೋಪಾಧ್ಯಾಯರನ್ನು ಹುಡುಕುವುದು ಏನೆಂದು ಹುಡುಕಿದವರಿಗೇ ಗೊತ್ತು. ಯಾವ ಕೋರ್ಸ್ ಎಂದು ತೀರ್ಮಾನವಾಗದಿದ್ದರೂ ಈ ಕಾಗದಗಳ ಕೆಲಸವನ್ನು ಅಂದೇ ಆರಂಭಿಸಲು ಹೇಳಬಹುದು. ಏನೂ ವಿವರ ಕೊಡದೆ ಕೇಳಿದವರಿಗೂ ಧೈರ್ಯವಾಗಿ ಕೊಡಬಹುದಾದ ಉತ್ತರ ಇದೊಂದೇ.

ನಾಲ್ಕನೆಯ ಹೆಜ್ಜೆ: ಮನೆಯ ತೊಡಕನ್ನು ಕೆಲಸಗಳ ರೂಪದಲ್ಲಿ ಕೇಳಿ

"ಮನೆಯಲ್ಲಿ ಏನಾದರೂ ತೊಂದರೆ ಇದೆಯೇ?" ಎಂದು ಕೇಳಿದರೆ ಮರ್ಯಾದಸ್ಥರು ಇಲ್ಲ ಎನ್ನುತ್ತಾರೆ. "ಎಷ್ಟು ಖರ್ಚು ಮಾಡಬಲ್ಲಿರಿ?" ಎಂದರೆ ಮಗಳ ಎದುರು "ಎಷ್ಟಾದರೂ ಸರಿ" ಎನ್ನುತ್ತಾರೆ. ಎರಡೂ ಉತ್ತರಗಳನ್ನು ನಂಬಿ ಲೆಕ್ಕ ಹಾಕಬೇಡಿ. ಬದಲಿಗೆ ಹಣ ಯಾವಾಗ ಕೈಗೆ ಬರುತ್ತದೆ ಎಂದು ಕೇಳಿ. ಕಬ್ಬು ಬೆಳೆಯುವವರಿಗೆ ಕಾರ್ಖಾನೆ ಬಟವಾಡೆ ಮಾಡಿದಾಗ ಹಣ, ಹಾಲು ಹಾಕುವವರಿಗೆ ಡೇರಿಯಿಂದ, ಸಂಬಳದವರಿಗೆ ತಿಂಗಳಿಗೆ. ಸೀಟು ಸಿಕ್ಕ ಕೆಲವೇ ದಿನಗಳಲ್ಲಿ ಶುಲ್ಕ ಕಟ್ಟಬೇಕು. ವರ್ಷಕ್ಕೆ ಒಟ್ಟು ಎಷ್ಟು ಎಂಬುದಕ್ಕಿಂತ ಆ ದಿನಗಳಲ್ಲಿ ಕೈಯಲ್ಲಿ ಎಷ್ಟಿರುತ್ತದೆ ಎಂಬುದು ದೊಡ್ಡ ಪ್ರಶ್ನೆ.

ಎರಡನೆಯದಾಗಿ, ಅವಳು ಮನೆಯಲ್ಲಿ ಈಗ ಮಾಡುತ್ತಿರುವ ಕೆಲಸ ಯಾವುದು ಎಂದು ಕೇಳಿ. ನಮ್ಮ ತಂದೆ ಮೊದಲಿಗೆ ಹೇಳಿದ್ದು, "ಅಜ್ಜಿಗೆ ಆರೋಗ್ಯ ಸರಿಯಿಲ್ಲ, ಹಾಸ್ಟೆಲಿಗೆ ಕಳಿಸುವುದಿಲ್ಲ." ಅಜ್ಜಿಯನ್ನು ಹಗಲು ನೋಡಿಕೊಳ್ಳುವವರು ಯಾರು ಎಂದರೆ ತಾಯಿ. ಹಾಗಾದರೆ ಹುಡುಗಿ ಏಕೆ ಬೇಕು? ಸ್ವಲ್ಪ ಹೊತ್ತಿನ ಮೇಲೆ ನಿಜ ಹೊರಬಂತು. ಅವರದು ರೇಷ್ಮೆ ಸಾಕುವ ಮನೆ. ಬೆಳಗ್ಗೆ, ಸಂಜೆ ಸೊಪ್ಪು ಹಾಕುವುದು, ಹುಳು ಹಣ್ಣಾದಾಗ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವುದು, ಇದರಲ್ಲೆಲ್ಲ ಮಗಳ ಕೈ ಇತ್ತು. ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪನ್ನೇ ಸಾಕುವವರು ಒಂದು ಮೊಟ್ಟೆ ಎಂದು ಎಣಿಸುತ್ತಾರೆ. ಅವಳು ಹೋದರೆ 200 ಮೊಟ್ಟೆಯ ಬದಲು 100 ಮೊಟ್ಟೆ ಸಾಕಬೇಕು, ಇಲ್ಲವೇ ಆಳಿಗೆ ಕೂಲಿ ಕೊಡಬೇಕು. ಅಜ್ಜಿಯ ಆರೋಗ್ಯ ಯಾರ ಕೈಯಲ್ಲೂ ಇಲ್ಲ, ಆದರೆ ಮೊಟ್ಟೆಯ ಸಂಖ್ಯೆ ತಂದೆಯ ಕೈಯಲ್ಲೇ ಇತ್ತು. ಲೆಕ್ಕ ಹಾಕಿ ಒಂದು ಬೆಳೆಗೆ ಎಷ್ಟು ಕಡಿಮೆಯಾಗುತ್ತದೆ ಎಂದು ಅವರೇ ಹೇಳಿದರು. ಬದಲಾಯಿಸಬಹುದಾದ ತೊಡಕು ಯಾವುದು, ಬದಲಾಯಿಸಲಾಗದ್ದು ಯಾವುದು ಎಂದು ಬೇರೆ ಮಾಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಊರಿನ ಪ್ರಶ್ನೆಯೂ ಇಲ್ಲೇ ಬರುತ್ತದೆ. "ಮೈಸೂರು ಆಗಬಹುದೇ?" ಎಂದು ಕೇಳುವ ಬದಲು ಮನೆಯಿಂದ ಬೆಳಗಿನ ಮೊದಲ ಬಸ್ ಎಷ್ಟು ಗಂಟೆಗೆ, ಸಂಜೆಯ ಕೊನೆಯ ಬಸ್ ಎಷ್ಟು ಗಂಟೆಗೆ ಎಂದು ಕೇಳಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಆದ್ದರಿಂದ ಪ್ರಯಾಣದ ತೊಡಕು ಈಗ ಹಣದ್ದಲ್ಲ, ಹೊತ್ತಿನದು. ತಡೆರಹಿತ ಬಸ್ ಊರಿನ ಗೇಟಿನಲ್ಲಿ ನಿಲ್ಲುವುದಿಲ್ಲ. ಪ್ರಯೋಗಾಲಯ ಸಂಜೆವರೆಗೆ ನಡೆಯುವ ಕೋರ್ಸಾದರೆ ಕೊನೆಯ ಬಸ್ ತಪ್ಪುತ್ತದೆ. ಇವರ ಹಳ್ಳಿಯಿಂದ ಮಂಡ್ಯಕ್ಕೆ ಒಂದು ಬಸ್ಸು, ಅಲ್ಲಿಂದ ಕೃಷಿ ಕಾಲೇಜಿರುವ ವಿ.ಸಿ. ಫಾರಂಗೆ ಇನ್ನೊಂದು. ದಿನಾ ಓಡಾಡಿ ಕೃಷಿ ಪದವಿ ಓದುವುದು ಸಾಧ್ಯವಿಲ್ಲ ಎಂದು ನಾನು ಮೊದಲೇ ಹೇಳಿದೆ. ನಾಲ್ಕನೆಯ ವರ್ಷ ವಿದ್ಯಾರ್ಥಿಗಳು ಹಳ್ಳಿಯೊಂದರಲ್ಲಿ ಉಳಿದು ರೈತರ ಜೊತೆ ಕೆಲಸ ಮಾಡುವ ಅವಧಿಯೂ ಅದರಲ್ಲಿದೆ. ಅಂಥದ್ದನ್ನು ಸೇರುವ ಮೊದಲೇ ಹೇಳಿಬಿಡಬೇಕು. ಮೂರು ವರ್ಷ ಓದಿಸಿದ ಮೇಲೆ "ಬೇರೆ ಹಳ್ಳಿಯಲ್ಲಿ ಹೇಗೆ ಬಿಡುವುದು" ಎಂದು ತಕರಾರು ಏಳಬಾರದು.

ಹಾಸ್ಟೆಲಿನ ಖರ್ಚಿಗೆ ಹೆದರುವವರಿಗೆ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮತ್ತು ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳನ್ನು ನೆನಪಿಸಿ. ಅಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ನೆರವಿದೆ. ರೈತರ ಮಕ್ಕಳಿಗೆ 2021ರಿಂದ ರೈತ ವಿದ್ಯಾನಿಧಿ ಇದೆ. ಆದರೆ ವಿದ್ಯಾರ್ಥಿವೇತನದ ಹಣ ಪ್ರವೇಶದ ನಂತರ ಬರುತ್ತದೆ, ಪ್ರವೇಶದ ದಿನ ಅಲ್ಲ. ಅದನ್ನೇ ನಂಬಿ ಮೊದಲ ಕಂತಿನ ಯೋಜನೆ ಹಾಕಿಕೊಳ್ಳಬಾರದು.

ಐದನೆಯ ಹೆಜ್ಜೆ: ಈಗ ಆಸಕ್ತಿ ಕೇಳಿ, ತಂದೆ ಎದ್ದುಹೋದ ಮೇಲೆ

ಆಸಕ್ತಿಯನ್ನು ಮೊದಲೇ ಕೇಳಿದರೆ ಬರುವುದು ಮನೆಯಲ್ಲಿ ಕೇಳಿಸಿಕೊಂಡ ಉತ್ತರ. ಹದಿನೇಳು ಹದಿನೆಂಟರ ಮಕ್ಕಳು ನೋಡಿರುವ ಉದ್ಯೋಗಗಳೇ ನಾಲ್ಕೈದು: ಡಾಕ್ಟರ್, ಎಂಜಿನಿಯರ್, ಮೇಷ್ಟ್ರು, ಪೊಲೀಸ್, ಬ್ಯಾಂಕ್. ನೋಡದ ಕೆಲಸದ ಮೇಲೆ ಆಸಕ್ತಿ ಹುಟ್ಟುವುದಾದರೂ ಹೇಗೆ? ಯಾವ ಬಾಗಿಲುಗಳು ತೆರೆದಿವೆ ಎಂದು ಗೊತ್ತಾದ ಮೇಲೆ ಅವುಗಳ ಒಳಗಿನ ದಿನನಿತ್ಯದ ಕೆಲಸವನ್ನು ವಿವರಿಸಿ, ಆಗ ಮುಖ ನೋಡಿ. ಆಸಕ್ತಿ ಎಂಬ ಪದವನ್ನೇ ಬಳಸದೆ ಕೇಳುವುದು ಇನ್ನೂ ಒಳ್ಳೆಯದು. ಯಾರೂ ಹೇಳದಿದ್ದರೂ ನೀನಾಗಿಯೇ ಮಾಡುವ ಕೆಲಸ ಯಾವುದು? ಪರೀಕ್ಷೆಗೆ ಬೇಡದಿದ್ದರೂ ಓದಿದ ಪಾಠ ಯಾವುದು? ಯಾವ ಕೆಲಸವನ್ನು ಎಷ್ಟು ಸಂಬಳ ಕೊಟ್ಟರೂ ಮಾಡಲಾರೆ? ಕೊನೆಯ ಪ್ರಶ್ನೆಗೆ ಮಕ್ಕಳು ಬಹಳ ಪ್ರಾಮಾಣಿಕವಾಗಿ ಉತ್ತರಿಸುತ್ತಾರೆ.

ಹುಡುಗಿ ಮೊದಲು "ಕಂಪ್ಯೂಟರ್ ಸೈನ್ಸ್, ಸರ್" ಎಂದಿದ್ದಳು. ಹುಳುವಿನ ಮನೆಯ ಮಾತು ತೆಗೆದಾಗ ಅವಳ ಮಾತಿನ ವೇಗವೇ ಬದಲಾಯಿತು. ಹಾಲುತೊಂಡೆ ರೋಗ ಬಂದ ಹುಳು ಹೇಗಿರುತ್ತದೆ, ಸಪ್ಪೆ ರೋಗದ್ದು ಹೇಗೆ ಬೇರೆ, ಪೊರೆ ಕಳಚಲು ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕಿದರೆ ಏನಾಗುತ್ತದೆ ಎಂದು ವಿವರಿಸಿದಳು. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ದಿನದ ಉಷ್ಣಾಂಶ ಬರೆದಿಡುವವಳೂ ಅವಳೇ ಅಂತೆ, ಯಾರೂ ಹೇಳಿಕೊಟ್ಟದ್ದಲ್ಲ. ಜೀವಶಾಸ್ತ್ರದ 84 ಎಲ್ಲಿಂದ ಬಂದದ್ದೆಂದು ಆಗ ತಿಳಿಯಿತು.

ಆದರೆ ಮನೆಯಲ್ಲಿ ಮಾಡುವ ಕೆಲಸವನ್ನೇ ಓದಬೇಕೆಂದು ತೀರ್ಮಾನಿಸುವುದೂ ಅವಸರವಾಗುತ್ತದೆ. ಹೊಲ ನೋಡಿ ಬೆಳೆದ ಎಷ್ಟೋ ಮಕ್ಕಳಿಗೆ ಹೊಲದಿಂದ ದೂರ ಹೋಗುವುದೇ ಓದಿನ ಉದ್ದೇಶ, ಅದೂ ನ್ಯಾಯವೇ. ಹಾಗಾಗಿ ಅವಳನ್ನು ವಿ.ಸಿ. ಫಾರಂ ಕೃಷಿ ಕಾಲೇಜಿಗೆ ಹೋಗಿ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳ ಜೊತೆ ಮಾತನಾಡಿ ಬರಲು ಹೇಳಿದೆ. ಮೊದಲ ವರ್ಷದವರಿಗೆ ಇನ್ನೂ ಏನೂ ಗೊತ್ತಿರುವುದಿಲ್ಲ, ಪ್ರಾಂಶುಪಾಲರು ಒಳ್ಳೆಯದನ್ನಷ್ಟೇ ಹೇಳುತ್ತಾರೆ. ಬೆಳಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತೀರಿ, ಯಾವ ವಿಷಯದಲ್ಲಿ ಹೆಚ್ಚು ಜನ ಫೇಲಾಗುತ್ತಾರೆ ಎಂದು ಕೇಳಿದರೆ ಸಾಕು. ಕೃಷಿ ಪದವಿಯಲ್ಲಿ ಸಂಖ್ಯಾಶಾಸ್ತ್ರವೂ ಅರ್ಥಶಾಸ್ತ್ರವೂ ಇವೆ ಎಂದು ತಿಳಿದು ಬಂದ ಅವಳು ಸ್ವಲ್ಪ ಅಳುಕಿದಳು, ಗಣಿತದಿಂದ ಪಾರಾದೆ ಎಂದುಕೊಂಡಿದ್ದಳಲ್ಲ. ಆದರೂ ಬೇಡ ಎನ್ನಲಿಲ್ಲ.

ಆರನೆಯ ಹೆಜ್ಜೆ: ಒಂದಲ್ಲ, ಮೂರು ಉತ್ತರ ಕೊಡಿ

ಇಷ್ಟು ತಿಳಿದ ಮೇಲೂ ಒಂದೇ ಕೋರ್ಸಿನ ಹೆಸರು ಹೇಳಬೇಡಿ. ಸೀಟು ಹಂಚಿಕೆ ನಿಮ್ಮ ಕೈಯಲ್ಲಿಲ್ಲ.

ಈ ಹುಡುಗಿಗೆ ಮೊದಲನೆಯದಾಗಿ ಪ್ರಾಧಿಕಾರದ ಆಯ್ಕೆ ಪಟ್ಟಿಯಲ್ಲಿ ವಿ.ಸಿ. ಫಾರಂನ ಬಿಎಸ್ಸಿ ಕೃಷಿ, ಅದರ ಕೆಳಗೆ ಉಳಿದ ಕೃಷಿ ಕಾಲೇಜುಗಳು. ಚಿಂತಾಮಣಿಯ ರೇಷ್ಮೆ ಕೃಷಿ ಪದವಿಯನ್ನು ಎಷ್ಟನೆಯ ಸಾಲಿನಲ್ಲಿ ಇಡಬೇಕೆಂದು ತಂದೆ ಮಗಳು ಕೂತು ನಿರ್ಧರಿಸಲಿ ಎಂದೆ. ಅವಳಿಗೆ ಅದು ಹತ್ತಿರದ ವಿಷಯ, ಅವರಿಗೆ ದೂರದ ಊರು. ಕೃಷಿಕರ ಮಕ್ಕಳಿಗೆ ಇರುವ ಕೋಟಾವನ್ನು ಕೇಳಿದ್ದರೆ ಅದರ ಪ್ರಾಯೋಗಿಕ ಪರೀಕ್ಷೆಗೆ ಹಾಜರಾಗಿರಬೇಕು. ಅರ್ಜಿಯಲ್ಲಿ ಆ ಕೋಟಾ ಕೇಳಿ ಪರೀಕ್ಷೆಗೆ ಹೋಗದವರು ಪ್ರತಿ ವರ್ಷ ಕಾಣಸಿಗುತ್ತಾರೆ.

ಎರಡನೆಯದಾಗಿ, ಆ ಸೀಟು ಸಿಗದಿದ್ದರೆ ಮಂಡ್ಯದ ಮಹಿಳಾ ಸರ್ಕಾರಿ ಕಾಲೇಜಿನಲ್ಲೋ ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನಲ್ಲೋ ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ಇರುವ ಬಿಎಸ್ಸಿ. 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಮುಂದೆ ಮಾನಸಗಂಗೋತ್ರಿಯಲ್ಲಿ ರೇಷ್ಮೆ ವಿಜ್ಞಾನದ ಸ್ನಾತಕೋತ್ತರ ಪದವಿ ಇದೆ. ಅದರ ಪ್ರವೇಶಕ್ಕೆ ಬಿಎಸ್ಸಿಯಲ್ಲಿ ಯಾವ ವಿಷಯಗಳಿರಬೇಕು ಎಂಬುದನ್ನು ಬಿಎಸ್ಸಿಗೆ ಸೇರುವ ಮೊದಲೇ ಆ ವಿಭಾಗದಲ್ಲಿ ಕೇಳಿಕೊಂಡು ಬರಬೇಕು. ಈ ದಾರಿಯಲ್ಲಿ ಮಂಡ್ಯದ ಕಾಲೇಜಾದರೆ ಮನೆಯಿಂದಲೇ ಓಡಾಡಬಹುದು. ಪದವಿ ಪ್ರವೇಶದ ಅರ್ಜಿ ಸಿಇಟಿಯದಲ್ಲ, ಯುಯುಸಿಎಂಎಸ್ ಎಂಬ ಬೇರೆ ಜಾಲತಾಣದಲ್ಲಿ ಹಾಕಬೇಕು. ಕೌನ್ಸೆಲಿಂಗ್ ಮುಗಿಯಲಿ ಎಂದು ಕಾಯುತ್ತಾ ಕೂತರೆ ಇದರ ಕೊನೆಯ ದಿನ ದಾಟಿಹೋಗುತ್ತದೆ. ಎರಡನ್ನೂ ಒಟ್ಟಿಗೆ ನಡೆಸಬೇಕು.

ಮೂರನೆಯದು ಅವರಿಗೆ ಗೊತ್ತಿಲ್ಲದ ಒಂದು ಹೆಸರು. ವಿಜ್ಞಾನ ಓದಿದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಮತ್ತು ವಾಕ್ ಚಿಕಿತ್ಸೆಯ ನಾಲ್ಕು ವರ್ಷದ ಪದವಿ ಇದೆ. ಊರ ಪಕ್ಕದಲ್ಲೇ ಇದ್ದರೂ ಹಳ್ಳಿಯ ಮಕ್ಕಳು ಅದನ್ನು ಕೇಳಿರುವುದು ಕಡಿಮೆ. ಅದಕ್ಕೆ ಸಿಇಟಿ ನಡೆಯುವುದಿಲ್ಲ, ಸಂಸ್ಥೆಯದೇ ಪ್ರವೇಶ ಪರೀಕ್ಷೆ ಬರೆಯಬೇಕು. ಅರ್ಜಿಯ ಅವಧಿ ಮುಗಿದಿದೆಯೇ ಎಂದು ಅವತ್ತೇ ನೋಡಲು ಹೇಳಿದೆ. ಮುಗಿದಿತ್ತು. ಆದ್ದರಿಂದ ಅದು ಅವಳ ಪಟ್ಟಿಯಿಂದ ಹೋಯಿತು, ಅವಳ ಹಿಂದಿನ ತರಗತಿಯಲ್ಲಿರುವ ಚಿಕ್ಕಪ್ಪನ ಮಗನ ಪಟ್ಟಿಗೆ ಸೇರಿತು.

ಎಂಜಿನಿಯರಿಂಗ್ ಬೇಡವೆಂದು ನಾನು ಹೇಳಲಿಲ್ಲ. 3AR ಕಾಲಂ ತೆರೆದು ಅವಳ ರ‍್ಯಾಂಕ್‌ಗೆ ಯಾವ ಕಾಲೇಜು, ಯಾವ ಶಾಖೆ ಸಿಗಬಹುದು ಎಂದು ತಂದೆಯಿಂದಲೇ ಓದಿಸಿದೆ. ಗಣಿತದ 49 ಮತ್ತು 14ನ್ನು ತೋರಿಸಿ, ಎಂಜಿನಿಯರಿಂಗ್‌ನ ಮೊದಲ ವರ್ಷದಿಂದಲೇ ಗಣಿತ ಶುರುವಾಗುತ್ತದೆ ಎಂದೆ. ಪಕ್ಕದ ಮನೆಯ ಹುಡುಗ ಬೆಂಗಳೂರಿನಲ್ಲಿ ಎಷ್ಟು ಸಂಬಳ ಪಡೆಯುತ್ತಾನೆ ಎಂಬ ಮಾತನ್ನು ಅವರು ಆಮೇಲೆ ಎತ್ತಲಿಲ್ಲ.

ಕೇಳುವವರಿಗೆ: ಸಂದೇಶ ಹೀಗಿರಲಿ

ನೀವೇ ಕೇಳುವವರಾದರೆ ಆ ಒಂದು ಸಾಲಿನ ಬದಲು ಹೀಗೆ ಬರೆದು ಕಳಿಸಿ, ಅಂಕಪಟ್ಟಿಯ ಫೋಟೊ ಜೊತೆಗಿರಲಿ:

"ಮೇಷ್ಟ್ರೇ ನಮಸ್ಕಾರ. ಮಗಳು ದ್ವಿತೀಯ ಪಿಯುಸಿ, ಪಿಸಿಎಂಬಿ. ಸಿಇಟಿಯಲ್ಲಿ ನಾಲ್ಕೂ ವಿಷಯ ಬರೆದಿದ್ದಾಳೆ, ನೀಟ್ ಬರೆದಿಲ್ಲ. ವರ್ಗ 3A. ಒಂದರಿಂದ ಹತ್ತು ಗ್ರಾಮಾಂತರ, ಎಂಟರಿಂದ ಇಂಗ್ಲಿಷ್ ಮಾಧ್ಯಮ. ಹಣ ನಮಗೆ ಗೂಡು ಮಾರಿದಾಗ ಬರುತ್ತದೆ. ಬೆಳಗಿನ ಮೊದಲ ಬಸ್ಸಿಗೆ ಹೊರಟರೆ ಮಂಡ್ಯದಲ್ಲಿ ಕಾಲೇಜಿನ ಹೊತ್ತಿಗೆ ಇರಬಹುದು, ಹಾಸ್ಟೆಲ್ ಬಗ್ಗೆ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಗಣಿತ ಕಷ್ಟ ಎನ್ನುತ್ತಾಳೆ. ಎಲ್ಲಿಯೂ ಹಣ ಕಟ್ಟಿಲ್ಲ, ಮೂಲ ಅಂಕಪಟ್ಟಿ ಮನೆಯಲ್ಲೇ ಇದೆ."

ಇಷ್ಟನ್ನು ಬರೆಯಲು ಮನೆಯವರೆಲ್ಲ ಒಮ್ಮೆ ಕೂತು ಮಾತನಾಡಬೇಕಾಗುತ್ತದೆ. ಹಾಸ್ಟೆಲಿನ ಸಾಲನ್ನು ಬರೆಯುವಾಗಲೇ ಜಗಳ ಶುರುವಾದರೆ ಸಂದೇಶ ಕಳಿಸುವುದನ್ನು ಒಂದು ದಿನ ಮುಂದೂಡಿ, ಆ ಜಗಳವನ್ನು ಮುಗಿಸಿಕೊಂಡು ಕಳಿಸಿ. ಅದನ್ನು ಯಾವ ಮೇಷ್ಟ್ರೂ ಹೊರಗಿನಿಂದ ಬಗೆಹರಿಸಲಾರರು.